ಐವತ್ತು ಸಾವಿರ ಪ್ರಶ್ನೆ ಯಾರಿಗೆ ಬೇಕು? ಬೋಗಾದಿಯ ಒಂದು ರೂಮಿನ ಲೆಕ್ಕ

ಮಾನಸಗಂಗೋತ್ರಿಯಲ್ಲಿ ಪತ್ರಿಕೋದ್ಯಮ ಓದುವಾಗ ನಮ್ಮಲ್ಲಿ ಮೂವರು ಬೋಗಾದಿಯಲ್ಲಿ ರೂಮು ಮಾಡಿಕೊಂಡಿದ್ದೆವು. ಓದು ಮುಗಿದ ಮೇಲೂ ಅಲ್ಲಿಗೆ ಹೋಗಿ ಬರುವುದು ನಿಂತಿಲ್ಲ. ಹೋದಾಗಲೆಲ್ಲ ಪಿ.ಜಿ.ಗಳಲ್ಲಿ, ಬಾಡಿಗೆ ರೂಮುಗಳಲ್ಲಿ ನೀಟ್‌ಗೆ ಎರಡನೇ ಸಲ, ಮೂರನೇ ಸಲ ಕೂತಿರುವ ಹಳ್ಳಿ ಮಕ್ಕಳು ಸಿಗುತ್ತಾರೆ. ಕಳೆದ ನವೆಂಬರ್‌ನಲ್ಲಿ ಹಾಗೆ ಸಿಕ್ಕವಳು ಎಚ್.ಡಿ. ಕೋಟೆ ಕಡೆಯ ಒಬ್ಬ ಹುಡುಗಿ. ಅವಳ ಹೆಸರು ಇಲ್ಲಿ ಬೇಡ. ಅಪ್ಪ ಹೊಗೆಸೊಪ್ಪು ಬೆಳೆಯುತ್ತಾರೆ. ಕೋಚಿಂಗ್‌ಗೆ ಸೇರಿಸುವಷ್ಟು ದುಡ್ಡಿಲ್ಲ ಅಂತ ರೂಮಿನಲ್ಲೇ ಕೂತು ಓದಲಿ ಎಂದು ಬಿಟ್ಟು ಹೋಗಿದ್ದರು.

ಅವಳ ಮಂಚದ ಕೆಳಗೆ ಮೂರು ಮಾರ್ಗದರ್ಶಿ ಪುಸ್ತಕಗಳಿದ್ದವು. ಫೋನಿನಲ್ಲಿ ದುಡ್ಡು ಕೊಟ್ಟು ತಗೊಂಡ ಎರಡು ಆ್ಯಪ್ ಇದ್ದವು. ಅದರ ಮೇಲೆ ಟೆಲಿಗ್ರಾಂನಲ್ಲಿ ಇಳಿಸಿಕೊಂಡ ಪಿಡಿಎಫ್‌ಗಳು, ಎಷ್ಟಿವೆ ಅಂತ ಅವಳಿಗೇ ಗೊತ್ತಿರಲಿಲ್ಲ. "ಯಾವುದೂ ಮುಗೀತಾ ಇಲ್ಲ ಅಣ್ಣ, ನಾನೇ ದಡ್ಡಿ ಅನ್ಸುತ್ತೆ" ಅಂದಳು.

ಅವಳು ದಡ್ಡಿ ಅಲ್ಲ ಅಂತ ತೋರಿಸಲು ನಮಗೆ ಬೇಕಾಗಿದ್ದು ಒಂದು ಹಾಳೆ, ಒಂದು ಪೆನ್ನು. ಆ ಲೆಕ್ಕವನ್ನೇ ಇಲ್ಲಿ ಇಡುತ್ತೇವೆ. ನಿಮ್ಮ ಮನೆಯಲ್ಲೂ ಒಬ್ಬರು ನೀಟ್‌ಗೆ ಓದುತ್ತಿದ್ದರೆ ಪಕ್ಕದಲ್ಲಿ ಕೂರಿಸಿಕೊಂಡು ಓದಿ.

ಅವಳು ಓದಲು ಕೂತದ್ದು ಜುಲೈ ಮಧ್ಯದಲ್ಲಿ. ಪರೀಕ್ಷೆ ಮೇ ಮೊದಲ ವಾರದಲ್ಲಿ. ನಡುವೆ ಸುಮಾರು 290 ದಿನ. ಜ್ವರ, ಹಬ್ಬ, ಊರಿಗೆ ಹೋಗಿ ಬರುವುದು ಅಂತ 20 ದಿನ ಕಳೆದರೆ ಉಳಿದದ್ದು 270. ದಿನಕ್ಕೆ ಹದಿನಾಲ್ಕು ಗಂಟೆ ಓದುತ್ತೇನೆ ಅನ್ನುವ ಮಾತನ್ನು ನಾವು ನಂಬುವುದಿಲ್ಲ. ತಲೆಗೆ ಹತ್ತುವ ಓದು ಒಂಬತ್ತು ಗಂಟೆ ಆದರೆ ಅದೇ ದೊಡ್ಡದು. ಅಂದರೆ ಅವಳ ಕೈಯಲ್ಲಿದ್ದ ಒಟ್ಟು ಬಂಡವಾಳ 2,430 ಗಂಟೆ.

ಈಗ ಖರ್ಚು ನೋಡಿ. ಒಂದು ಆ್ಯಪ್‌ನಲ್ಲಿ 900 ಗಂಟೆ ವಿಡಿಯೊ ಪಾಠ, ಇನ್ನೊಂದರಲ್ಲಿ 650 ಗಂಟೆ. ಎರಡೂ ಸೇರಿ 1,550. ಆ್ಯಪ್‌ಗಳ ಪ್ರಶ್ನೆಗಳನ್ನೂ ಪುಸ್ತಕಗಳ ಪ್ರಶ್ನೆಗಳನ್ನೂ ಕೂಡಿದರೆ 50,000. ಒಂದು ಪ್ರಶ್ನೆ ಬಿಡಿಸಿ, ಉತ್ತರ ನೋಡಿ, ತಪ್ಪಿದ್ದರೆ ಯಾಕೆ ತಪ್ಪಿತು ಅಂತ ಓದಲು ಮೂರು ನಿಮಿಷ ಅಂತ ಹಿಡಿದರೂ 2,500 ಗಂಟೆ ಆಗುತ್ತದೆ. ಒಟ್ಟು 4,050 ಗಂಟೆ. ಇರುವುದು 2,430. ಪಠ್ಯಪುಸ್ತಕ ಓದುವ ಹೊತ್ತು, ಮಾದರಿ ಪರೀಕ್ಷೆ ಬರೆಯುವ ಹೊತ್ತು ಇದರಲ್ಲಿ ಇನ್ನೂ ಸೇರಿಲ್ಲ. "ವಿಡಿಯೊನ ಒಂದೂವರೆ ಪಟ್ಟು ಸ್ಪೀಡಲ್ಲಿ ನೋಡ್ತೀನಿ" ಅಂದಳು. ಸರಿ, ಹಾಗೆ ನೋಡಿದರೂ ಉಳಿಯುವುದು 500 ಚಿಲ್ಲರೆ ಗಂಟೆ. ಆಗಲೂ ಸಾವಿರಕ್ಕೂ ಹೆಚ್ಚು ಗಂಟೆಯ ಸಾಲ.

ಎರಡು ಎಕರೆ ಇರುವ ರೈತನಿಗೆ ಐದು ಎಕರೆಯ ಬಿತ್ತನೆ ಬೀಜ ಮಾರಿ, ಬೆಳೆ ಬರಲಿಲ್ಲ ಅಂದಾಗ ನೀನು ಸೋಮಾರಿ ಅನ್ನುವ ವ್ಯಾಪಾರಿಯನ್ನು ಊರಲ್ಲಿ ಏನಂತ ಕರೆಯುತ್ತೀರಿ? ಇಲ್ಲಿ ನಡೆಯುತ್ತಿರುವುದೂ ಅದೇ. ಮುಗಿಸಲಾಗದಷ್ಟು ಸರಕು ಮಾರುವವರು ಅದು ಮುಗಿಯುವುದಿಲ್ಲ ಅಂತ ಚೆನ್ನಾಗಿ ಬಲ್ಲರು. ಮುಗಿಯದೆ ಇದ್ದಾಗ ಮಗು ತನ್ನನ್ನೇ ಬೈದುಕೊಳ್ಳುತ್ತದೆಯೇ ಹೊರತು ಸರಕನ್ನು ಬೈಯುವುದಿಲ್ಲ. ಇದಕ್ಕಿಂತ ಸುಖದ ವ್ಯಾಪಾರ ಯಾವುದಿದೆ?

ನೀಟ್ ಪ್ರಶ್ನೆಪತ್ರಿಕೆ ಹೇಗಿದೆ ಅಂತ ಒಂದು ಮಾತು. 2025ರಿಂದ 180 ನಿಮಿಷಕ್ಕೆ 180 ಪ್ರಶ್ನೆ. ಭೌತಶಾಸ್ತ್ರ 45, ರಸಾಯನಶಾಸ್ತ್ರ 45, ಜೀವಶಾಸ್ತ್ರ 90. ಸರಿಯಾದರೆ ನಾಲ್ಕು ಅಂಕ, ತಪ್ಪಾದರೆ ಒಂದು ಅಂಕ ಕಡಿತ, ಒಟ್ಟು 720. ಅಂದರೆ ಅರ್ಧ ಪರೀಕ್ಷೆ ಜೀವಶಾಸ್ತ್ರ. ಅದಕ್ಕೆ ಆಧಾರ ಎನ್‌ಸಿಇಆರ್‌ಟಿ ಪುಸ್ತಕ. ನಮ್ಮ ಪಿಯುಸಿ ವಿಜ್ಞಾನದ ಮಕ್ಕಳ ಕೈಯಲ್ಲಿರುವ ಪಾಠವೂ ಅದೇ. ncert.nic.in ಎಂಬ ತಾಣದಲ್ಲಿ ಬಿಟ್ಟಿ ಸಿಗುತ್ತದೆ. ಬಿಟ್ಟಿ ಸಿಗುವುದಕ್ಕೆ ಜಾಹೀರಾತು ಕೊಡುವವರಿಲ್ಲ, ಅದಕ್ಕೇ ಅದು ಮಂಚದ ಕೆಳಗೆ ಎಲ್ಲಕ್ಕಿಂತ ಅಡಿಯಲ್ಲಿ ಇರುತ್ತದೆ.

ಹಾಗಾದರೆ ಪ್ರಶ್ನೆ ಬ್ಯಾಂಕೇ ಬೇಡವೇ? ಬೇಕು. ಆದರೆ ಕೊಳ್ಳುವ ಮೊದಲು ಹಸುವಿನ ಹಲ್ಲು ನೋಡುವ ಹಾಗೆ ಅದನ್ನೂ ನೋಡಬೇಕು. ಹೇಗೆ ನೋಡುವುದು ಅಂತ ಯಾರೂ ಹೇಳಿಕೊಡುವುದಿಲ್ಲವಾದ್ದರಿಂದ ನಾವು ಆ ಹುಡುಗಿಯ ಜೊತೆ ಕೂತು ಒಂದು ಭಾನುವಾರ ಮಾಡಿದ್ದನ್ನು ಹೇಳುತ್ತೇವೆ.

ಮೊದಲು ನೋಡಿದ್ದು ಅದು ಹಳೇ ಸರಕೋ ಹೊಸ ಸರಕೋ ಅಂತ. ಎನ್‌ಸಿಇಆರ್‌ಟಿ ಪುಸ್ತಕಗಳಿಂದ ಕೆಲವು ಪಾಠಗಳನ್ನು ತೆಗೆದಿದ್ದಾರೆ. ಜೀವಶಾಸ್ತ್ರದಲ್ಲಿ ಹನ್ನೊಂದನೇ ತರಗತಿಯ 22 ಅಧ್ಯಾಯ 19 ಆಯಿತು, ಹನ್ನೆರಡನೆಯದರ 16 ಅಧ್ಯಾಯ 13 ಆಯಿತು. ರಾಷ್ಟ್ರೀಯ ವೈದ್ಯಕೀಯ ಆಯೋಗ 2024ರ ನೀಟ್‌ಗೆ ಪಠ್ಯಕ್ರಮವನ್ನೇ ಬದಲಿಸಿತು. ಸಸ್ಯಗಳ ಖನಿಜ ಪೋಷಣೆ ಹೋಯಿತು, ಮನುಷ್ಯನ ಜೀರ್ಣಕ್ರಿಯೆಯ ಪಾಠ ಹೋಯಿತು. ರಸಾಯನಶಾಸ್ತ್ರದಲ್ಲಿ ಘನಸ್ಥಿತಿ, ಪಾಲಿಮರ್, ಲೋಹಶಾಸ್ತ್ರ ಹೋದವು. ಆದ್ದರಿಂದ ಆ್ಯಪ್ ತೆರೆದು ಹುಡುಕುವ ಜಾಗದಲ್ಲಿ 'ಮಿನರಲ್ ನ್ಯೂಟ್ರಿಷನ್' ಅಂತ, 'ಪಾಲಿಮರ್ಸ್' ಅಂತ ಹಾಕಿ ನೋಡಿ. ಆ ಹುಡುಗಿಯ ಒಂದು ಆ್ಯಪ್‌ನಲ್ಲಿ ಖನಿಜ ಪೋಷಣೆಯೊಂದರಿಂದಲೇ 310 ಪ್ರಶ್ನೆ ಬಂದವು. ಮೇಲೆ ಮಾತ್ರ 'ಹೊಸ ಪಠ್ಯಕ್ರಮ' ಅಂತ ದೊಡ್ಡ ಪಟ್ಟಿ. ಅವಳು ಅದರಲ್ಲಿ ನೂರಕ್ಕೂ ಹೆಚ್ಚು ಪ್ರಶ್ನೆ ಆಗಲೇ ಬಿಡಿಸಿದ್ದಳು. ಐದು ಗಂಟೆ, ಪರೀಕ್ಷೆಯಲ್ಲೇ ಇಲ್ಲದ ಪಾಠಕ್ಕೆ.

ಇದು ಖಾಸಗಿಯವರ ತಪ್ಪು ಮಾತ್ರ ಅಂದುಕೊಳ್ಳಬೇಡಿ. 2024ರ ಏಪ್ರಿಲ್‌ನಲ್ಲಿ ನಮ್ಮ ಕರ್ನಾಟಕದ ಸಿಇಟಿಯಲ್ಲೇ ಪಠ್ಯಕ್ರಮದಿಂದ ಕೈಬಿಟ್ಟ ಪಾಠಗಳ ಪ್ರಶ್ನೆಗಳು ಬಂದು, ಗಲಾಟೆಯಾಗಿ, ಕೊನೆಗೆ ನಾಲ್ಕು ವಿಷಯಗಳಿಂದ 50 ಪ್ರಶ್ನೆಗಳನ್ನು ಮೌಲ್ಯಮಾಪನದಿಂದಲೇ ಬಿಟ್ಟರು. ಸರ್ಕಾರದ ಪರೀಕ್ಷೆಗೇ ಹಳೇ ಪ್ರಶ್ನೆ ನುಸುಳುತ್ತದೆ ಅಂದಮೇಲೆ, ಎಣಿಕೆ ತೋರಿಸಿ ಬದುಕುವ ಪ್ರಶ್ನೆ ಬ್ಯಾಂಕಿನಲ್ಲಿ ಎಷ್ಟಿರಬೇಡ? ಹಳೆಯದನ್ನು ತೆಗೆದರೆ ಅವರ ಎಣಿಕೆ ಇಳಿಯುತ್ತದೆ. ಎಣಿಕೆ ಇಳಿದರೆ ಜಾಹೀರಾತು ಸೊರಗುತ್ತದೆ. ಅದಕ್ಕೇ ತೆಗೆಯುವುದಿಲ್ಲ.

ಪುಸ್ತಕದ ಆವೃತ್ತಿ ಎಷ್ಟು ದುಬಾರಿ ಆಗಬಹುದು ಅನ್ನುವುದಕ್ಕೆ 2024ರ ನೀಟ್‌ನ ಒಂದೇ ಒಂದು ಪ್ರಶ್ನೆ ಸಾಕು. ಎರಡು ಹೇಳಿಕೆ ಕೊಟ್ಟಿದ್ದರು. ಎರಡನೆಯದು, ಪ್ರತಿಯೊಂದು ಧಾತುವಿನ ಪರಮಾಣುಗಳೂ ಸ್ಥಿರವಾಗಿದ್ದು ತಮ್ಮದೇ ವರ್ಣಪಟಲವನ್ನು ಹೊರಸೂಸುತ್ತವೆ ಎಂಬುದು. ಹಳೇ ಎನ್‌ಸಿಇಆರ್‌ಟಿ ಪುಸ್ತಕ 'ಪ್ರತಿಯೊಂದು ಧಾತು' ಅಂತಲೇ ಬರೆದಿತ್ತು. ಹೊಸದು ಅದನ್ನು ತಿದ್ದಿ 'ಹೆಚ್ಚಿನ ಧಾತುಗಳು' ಅಂದಿತು. ಯುರೇನಿಯಂನಂಥ ವಿಕಿರಣಶೀಲ ಧಾತುವಿನ ಪರಮಾಣು ಒಡೆಯುತ್ತದೆ, ಎಲ್ಲವೂ ಸ್ಥಿರ ಅನ್ನುವುದು ತಪ್ಪು. ಪರೀಕ್ಷೆ ನಡೆಸಿದವರು ಮೊದಲು ಎರಡು ಉತ್ತರಕ್ಕೂ ಅಂಕ ಕೊಟ್ಟರು. ವಿಷಯ ಸುಪ್ರೀಂ ಕೋರ್ಟಿಗೆ ಹೋಯಿತು. ಕೋರ್ಟು ದೆಹಲಿ ಐಐಟಿಯ ತಜ್ಞರನ್ನು ಕೇಳಿತು, ಅವರು ಒಂದೇ ಉತ್ತರ ಸರಿ ಅಂದರು. ಹಳೇ ಪುಸ್ತಕ ನಂಬಿದ್ದವರಿಗೆ ಬಂದ ನಾಲ್ಕು ಅಂಕ ಹೋಯಿತು, ತಪ್ಪಿಗೆ ಇನ್ನೊಂದು ಕಡಿತ, ಒಟ್ಟು ಐದು. ಸುಮಾರು ನಾಲ್ಕು ಲಕ್ಷ ಮಕ್ಕಳ ಅಂಕ ಹೀಗೆ ಇಳಿಯಿತು. 720ಕ್ಕೆ 720 ತೆಗೆದವರ ಪಟ್ಟಿ 61ರಿಂದ 17ಕ್ಕೆ ಇಳಿಯಿತು. ಪುಸ್ತಕದ ಒಂದೇ ಪದ ಮಾಡಿದ ಕೆಲಸ ಇದು. ಅಕ್ಕನ ಹಳೇ ಪುಸ್ತಕವೋ ಟೆಲಿಗ್ರಾಂನ ಹಳೇ ಪಿಡಿಎಫ್ಫೋ ಬಿಟ್ಟಿ ಸಿಕ್ಕಿತು ಅಂತ ಹಿಗ್ಗುವ ಮೊದಲು ಒಳಗಿನ ಮೊದಲ ಪುಟದಲ್ಲಿ ಮುದ್ರಣದ ವರ್ಷ ನೋಡಿ.

ಎರಡನೆಯದಾಗಿ ಮಾಡಿದ್ದು ಇಪ್ಪತ್ತು ಪ್ರಶ್ನೆಯ ಪರೀಕ್ಷೆ. ಹುಡುಗಿಗೆ ಚೆನ್ನಾಗಿ ಬರುವ ಒಂದು ಪಾಠ ಆರಿಸಿಕೊಂಡೆವು, ಜೀವಕೋಶ. ತಿಳಿದ ಪಾಠವೇ ಯಾಕೆ ಅಂದರೆ, ತಿಳಿಯದ ಪಾಠದಲ್ಲಿ ಪ್ರಶ್ನೆ ಬ್ಯಾಂಕು ತಪ್ಪು ಹೇಳಿದರೆ ನಮಗೆ ಗೊತ್ತಾಗುವುದಿಲ್ಲ. ಆ್ಯಪ್‌ನಿಂದ ಇಪ್ಪತ್ತು ಪ್ರಶ್ನೆ ತೆಗೆದು, ಪಠ್ಯಪುಸ್ತಕ ಪಕ್ಕದಲ್ಲಿಟ್ಟು ಒಂದೊಂದಕ್ಕೂ ಪುಸ್ತಕದ ಸಾಲು ಹುಡುಕಿದೆವು. ಹನ್ನೊಂದು ಪ್ರಶ್ನೆ ಪುಸ್ತಕದ ಸಾಲಿಗೆ ನೇರವಾಗಿ ಹೊಂದಿದವು, ಅದು ಒಳ್ಳೆಯದೇ. ಐದು ಪ್ರಶ್ನೆ ಅವುಗಳದೇ ನಕಲು, ಆಯ್ಕೆಗಳ ಕ್ರಮ ಮಾತ್ರ ಬೇರೆ. ಮೂರು ಪ್ರಶ್ನೆ ಡಿಗ್ರಿ ಪುಸ್ತಕದಿಂದ ಎತ್ತಿದಂಥವು, ಎನ್‌ಸಿಇಆರ್‌ಟಿಯಲ್ಲಿ ಎಲ್ಲೂ ಇಲ್ಲ. ಒಂದರ ಉತ್ತರವೇ ತಪ್ಪು. ಇದಕ್ಕಿಂತ ನಮ್ಮನ್ನು ಕಾಡಿದ್ದು ವಿವರಣೆ. ಸರಿಯುತ್ತರ 'ಸಿ' ಅಂತ ಹೇಳಿ, ಪುಸ್ತಕದ ಸಾಲನ್ನೇ ಅಂಟಿಸಿ ಬಿಟ್ಟಿದ್ದರು. 'ಎ', 'ಬಿ', 'ಡಿ' ಯಾಕೆ ಅಲ್ಲ ಅಂತ ಒಂದಕ್ಕೂ ಇರಲಿಲ್ಲ. ಮಗು ತಪ್ಪು ಮಾಡುವುದು 'ಬಿ'ಯನ್ನು ನಂಬಿದ್ದಕ್ಕೆ. 'ಬಿ' ಯಾಕೆ ತಪ್ಪು ಅಂತ ಹೇಳದ ವಿವರಣೆಗೆ ದುಡ್ಡು ಕೊಡುವುದು ಯಾಕೆ?

ಭೌತಶಾಸ್ತ್ರದಲ್ಲಿ ನಕಲು ಇನ್ನೂ ಸುಲಭ. ಚೆಂಡನ್ನು ಸೆಕೆಂಡಿಗೆ 20 ಮೀಟರ್ ವೇಗದಲ್ಲಿ ಮೇಲಕ್ಕೆ ಎಸೆದರೆ ಎಷ್ಟು ಎತ್ತರ ಹೋಗುತ್ತದೆ? ವೇಗದ ವರ್ಗವನ್ನು ಎರಡು ಪಟ್ಟು ಗುರುತ್ವದಿಂದ ಭಾಗಿಸಿ, ಗುರುತ್ವ 10 ಅಂತ ಹಿಡಿದರೆ 20 ಮೀಟರ್. ಮುಂದಿನ ಪ್ರಶ್ನೆಯಲ್ಲಿ ವೇಗ 30, ಉತ್ತರ 45. ಅದರ ಮುಂದಿನದರಲ್ಲಿ ವೇಗ 40, ಉತ್ತರ 80. ಎಣಿಕೆಯಲ್ಲಿ ಮೂರು ಪ್ರಶ್ನೆ, ಕಲಿತದ್ದು ಒಂದು. ಚೆಂಡನ್ನು ಮಹಡಿಯಿಂದ ಎಸೆದರೆ, ಎರಡು ಚೆಂಡು ಗಾಳಿಯಲ್ಲಿ ಎದುರಾದರೆ, ಗ್ರಾಫ್ ಕೊಟ್ಟು ಕೇಳಿದರೆ ಅಂತ ಹೊರಳಿಸಿದ್ದರೆ ಅದು ನಿಜವಾಗಿ ಮೂರು ಪ್ರಶ್ನೆ. ಹಾಗೆಯೇ ಹತ್ತು ನಿಮಿಷ ತಿನ್ನುವ ಎಂಜಿನಿಯರಿಂಗ್ ಪ್ರವೇಶ ಪರೀಕ್ಷೆಯ ಲೆಕ್ಕಗಳನ್ನು ತುಂಬಿದ ಪುಸ್ತಕವೂ ನಿಮಗೆ ಬೇಡ. ನೀಟ್‌ನಲ್ಲಿ ಒಂದು ಪ್ರಶ್ನೆಗೆ ಸಿಗುವುದು ಒಂದು ನಿಮಿಷ.

ಪಠ್ಯಪುಸ್ತಕವೊಂದೇ ಸಾಕು ಅಂತ ನಾವು ಹೇಳುತ್ತಿಲ್ಲ. ಈಗಿನ ನೀಟ್ ಪಠ್ಯಕ್ರಮದಲ್ಲಿ ಮಾಲ್ವೇಸಿ ಕುಟುಂಬದ ಹೆಸರಿದೆ. ದಾಸವಾಳ, ಹತ್ತಿ, ಬೆಂಡೆಯ ಕುಟುಂಬ ಅದು. ಈಗಿನ ಪಠ್ಯಪುಸ್ತಕದಲ್ಲಿ ಅದರ ವಿವರಣೆ ಇಲ್ಲ. ಇಂಥ ಜಾಗದಲ್ಲಿ ಒಳ್ಳೆಯ ಪ್ರಶ್ನೆ ಬ್ಯಾಂಕು ಕೆಲಸಕ್ಕೆ ಬರುತ್ತದೆ. ಭೌತಶಾಸ್ತ್ರದ ಲೆಕ್ಕಕ್ಕಂತೂ ಪಠ್ಯಪುಸ್ತಕದ ಅಭ್ಯಾಸ ಸಾಲುವುದೇ ಇಲ್ಲ. ದುಡ್ಡು ಖರ್ಚು ಮಾಡುವುದೇ ಆದರೆ ಮೊದಲು ಭೌತಶಾಸ್ತ್ರಕ್ಕೆ ಮಾಡಿ, ಅದೂ ಒಂದೇ ಒಂದು ಬ್ಯಾಂಕಿಗೆ.

ಒಂದೇ ಯಾಕೆ? ಪ್ರಶ್ನೆ ಬ್ಯಾಂಕಿನ ಬೆಲೆ ಇರುವುದು ತಪ್ಪಿದ ಪ್ರಶ್ನೆಗೆ ವಾಪಸ್ ಬರುವುದರಲ್ಲಿ. ಹುಡುಗಿ ಮೂರು ಕಡೆ ಸೇರಿ 4,000 ಪ್ರಶ್ನೆ ಬಿಡಿಸಿದ್ದಳು, ಸುಮಾರು 1,700 ತಪ್ಪಾಗಿದ್ದವು. ಆ 1,700ರಲ್ಲಿ ಎಷ್ಟನ್ನು ಎರಡನೇ ಸಲ ಬಿಡಿಸಿದೆ ಅಂತ ಕೇಳಿದೆವು. ಒಂದನ್ನೂ ಇಲ್ಲ. ಒಂದು ಆ್ಯಪ್‌ನಲ್ಲಿ ಬೇಜಾರಾದರೆ ಇನ್ನೊಂದು ತೆರೆಯುವುದು, ಅಲ್ಲಿ ಸುಲಭದ ಪ್ರಶ್ನೆ ಬಂದು ಸಮಾಧಾನ ಆಗುವುದು, ಹೀಗೇ ನಾಲ್ಕು ತಿಂಗಳು. ತಪ್ಪಿದ್ದನ್ನು ವಾರ ಬಿಟ್ಟು ಒಂದು ಸಲ, ತಿಂಗಳು ಬಿಟ್ಟು ಒಂದು ಸಲ ಬಿಡಿಸಿ, ಎರಡು ಸಲವೂ ಸರಿ ಬಂದರೆ ಮಾತ್ರ ಆ ಪ್ರಶ್ನೆ ಮುಗಿಯಿತು ಅಂತ ಲೆಕ್ಕ. ಹೀಗೆ ಮಾಡಿದರೆ 6,000 ಪ್ರಶ್ನೆಯ ಬ್ಯಾಂಕೇ ಒಂದು ವರ್ಷಕ್ಕೆ ಸಾಕಷ್ಟು ಭಾರ.

ಇನ್ನು ವಿಡಿಯೊ. ವಿಡಿಯೊ ನೋಡುವಾಗ ಎಲ್ಲ ಅರ್ಥವಾಗುತ್ತದೆ, ಅದೇ ಅದರ ಮೋಸ. 2006ರಲ್ಲಿ ಅಮೆರಿಕದ ಸೇಂಟ್ ಲೂಯಿಸ್‌ನ ವಾಷಿಂಗ್ಟನ್ ವಿಶ್ವವಿದ್ಯಾಲಯದ ರೋಡಿಗರ್, ಕಾರ್ಪಿಕ್ ಎಂಬ ಇಬ್ಬರು ಒಂದು ಪ್ರಯೋಗ ಪ್ರಕಟಿಸಿದರು. ಒಂದು ಗುಂಪು ಒಂದೇ ಪಾಠವನ್ನು ನಾಲ್ಕು ಸಲ ಓದಿತು. ಇನ್ನೊಂದು ಗುಂಪು ಒಂದೇ ಸಲ ಓದಿ, ಮೂರು ಸಲ ಪುಸ್ತಕ ಮುಚ್ಚಿ ನೆನಪಿದ್ದದ್ದನ್ನು ಬರೆಯಿತು. ಐದು ನಿಮಿಷದ ನಂತರ ಕೇಳಿದಾಗ ನಾಲ್ಕು ಸಲ ಓದಿದವರೇ ಮುಂದಿದ್ದರು. ಒಂದು ವಾರದ ನಂತರ ಕೇಳಿದಾಗ ಓದಿದವರಿಗೆ ನೆನಪಿದ್ದದ್ದು ಶೇಕಡಾ 40, ಬರೆದವರಿಗೆ 61. ನಾಲ್ಕು ಸಲ ಓದಿದವರಿಗೇ ತಮ್ಮ ಮೇಲೆ ಹೆಚ್ಚು ಭರವಸೆ ಇತ್ತು ಅನ್ನುವುದು ಇದರಲ್ಲಿ ತಮಾಷೆಯ ಭಾಗ. ಪ್ರಯೋಗ ನಡೆದದ್ದು ಓದಿನ ಮೇಲೆ, ವಿಡಿಯೊ ಮೇಲಲ್ಲ. ಆದರೆ ಕಣ್ಣೆದುರು ಮತ್ತೆ ಮತ್ತೆ ಹಾದುಹೋದದ್ದನ್ನು ಕಲಿತೆ ಅಂದುಕೊಳ್ಳುವ ಆ ಭ್ರಮೆ ವಿಡಿಯೊ ನೋಡುವ ಮಕ್ಕಳಲ್ಲಿ ನಮಗೆ ದಿನಾ ಕಾಣುತ್ತದೆ.

ಆದ್ದರಿಂದ ವಿಡಿಯೊ ಕೋರ್ಸ್ ತೂಗುವುದು ಹೀಗೆ. ಬಿಟ್ಟಿ ತೋರಿಸುವ ಒಂದು ಪಾಠ ನೋಡಿ. ಫೋನು ಮಗುಚಿಟ್ಟು ಖಾಲಿ ಹಾಳೆಯಲ್ಲಿ ನೆನಪಿದ್ದದ್ದು ಬರೆಯಿರಿ. ಮಾರನೇ ದಿನ ಏನೂ ನೋಡದೆ ಆ ಪಾಠದ ಹದಿನೈದು ಹಳೇ ನೀಟ್ ಪ್ರಶ್ನೆ ಬಿಡಿಸಿ. ಅಷ್ಟೇ ಹೊತ್ತು ಪಠ್ಯಪುಸ್ತಕ ಓದಿ ಇನ್ನೊಂದು ಪಾಠದ ಮೇಲೂ ಹೀಗೇ ಮಾಡಿ. ಎರಡಕ್ಕೂ ಬಂದ ಅಂಕ ಹೆಚ್ಚುಕಮ್ಮಿ ಒಂದೇ ಆದರೆ ವಿಡಿಯೊಗೆ ದುಡ್ಡು ಯಾಕೆ? ಹುಡುಗಿಗೆ ಜೀವಶಾಸ್ತ್ರದಲ್ಲಿ ಪುಸ್ತಕದಿಂದ 11, ವಿಡಿಯೊದಿಂದ 10 ಬಂತು. ಭೌತಶಾಸ್ತ್ರದ ತಿರುಗು ಚಲನೆಯಲ್ಲಿ ಪುಸ್ತಕದಿಂದ 4, ವಿಡಿಯೊದಿಂದ 8. ಹಾಗಾಗಿ 1,550 ಗಂಟೆಯಲ್ಲಿ ಅವಳು ಇಟ್ಟುಕೊಂಡದ್ದು ಭೌತಶಾಸ್ತ್ರದ ಕಷ್ಟದ ಪಾಠಗಳ ಸುಮಾರು 90 ಗಂಟೆ. ಅದಕ್ಕೂ ಬಿಟ್ಟಿ ದಾರಿ ಇದೆ. ಕೇಂದ್ರ ಶಿಕ್ಷಣ ಸಚಿವಾಲಯ ಮತ್ತು ಕಾನ್ಪುರ ಐಐಟಿ ಸೇರಿ ನಡೆಸುವ 'ಸಾಥೀ' ತಾಣದಲ್ಲಿ ನೀಟ್ ಪಾಠಗಳು ದುಡ್ಡಿಲ್ಲದೆ ಸಿಗುತ್ತವೆ, ಮೊದಲು ಅಲ್ಲಿ ನೋಡಿ.

ಇಲ್ಲಿ ಭಾಷೆಯ ಮಾತು ಆಡದಿದ್ದರೆ ಆಗುವುದಿಲ್ಲ. ಅವಳ ಎರಡನೇ ಆ್ಯಪ್‌ನ ಪಾಠವೆಲ್ಲ ಹಿಂದಿ ಬೆರೆಸಿದ ಇಂಗ್ಲಿಷ್‌ನಲ್ಲಿತ್ತು. ಎಸ್ಸೆಸ್ಸೆಲ್ಸಿವರೆಗೆ ಕನ್ನಡದಲ್ಲಿ ಓದಿದ ಹುಡುಗಿ, ಅರ್ಧ ಹಿಂದಿಯನ್ನು ಊಹಿಸಿಕೊಂಡು ಒಂದೂವರೆ ಪಟ್ಟು ವೇಗದಲ್ಲಿ ಕೇಳುತ್ತಿದ್ದಳು. ಮಾರಾಟದವನು ಫೋನು ಮಾಡಿದಾಗ ಕನ್ನಡದಲ್ಲೇ ಮಾತಾಡಿದ್ದನಂತೆ! ನೀಟ್ ಪ್ರಶ್ನೆಪತ್ರಿಕೆ ಕನ್ನಡದಲ್ಲೂ ಸಿಗುತ್ತದೆ, ಜೊತೆಗೆ ಇಂಗ್ಲಿಷ್ ಕೂಡ ಇರುತ್ತದೆ. ಅನುವಾದದಲ್ಲಿ ಗೊಂದಲ ಆದರೆ ಇಂಗ್ಲಿಷ್ ಪಾಠವೇ ಅಂತಿಮ ಅನ್ನುವುದು ನಿಯಮ. ಆದ್ದರಿಂದ ಕನ್ನಡದಲ್ಲಿ ಬರೆಯುವವರೂ ಪದಗಳನ್ನು ಇಂಗ್ಲಿಷ್‌ನಲ್ಲಿ ಗುರುತಿಸಲು ಕಲಿಯಬೇಕು. ಈ ಪರೀಕ್ಷೆಗೆ ಹಿಂದಿ ಕಲಿಯುವ ದರ್ದು ಮಾತ್ರ ಯಾವ ಕನ್ನಡದ ಮಗುವಿಗೂ ಇಲ್ಲ.

ದುಡ್ಡಿನ ವಿಷಯಕ್ಕೆ ಬರೋಣ. ಎರಡು ಆ್ಯಪ್, ಮೂರು ಪುಸ್ತಕ ಸೇರಿ 38,500 ರೂಪಾಯಿ. ಹೊಗೆಸೊಪ್ಪು ಇನ್ನೂ ಹರಾಜಿಗೆ ಹೋಗುವ ಮೊದಲೇ ಅಮ್ಮ ಸಂಘದಲ್ಲಿ ಸಾಲ ತೆಗೆದಿದ್ದರು. ಉಳಿದದ್ದು ಕಂತು. ನಾವು ಅಪ್ಪನಿಗೆ ಫೋನು ಮಾಡಿದಾಗ ಅವರು ಹೇಳಿದ್ದು: "ಪೇಪರ್‌ನಲ್ಲಿ ಪೂರ್ತಿ ಪುಟ ಫೋಟೊ ಹಾಕಿದ್ರಲ್ಲ ಸಾರ್, ರ‍್ಯಾಂಕ್ ಬಂದೋರ‍್ದು. ಸುಳ್ಳು ಹಾಕ್ತಾರಾ ಅಂತ."

ಈ ಮಾತು ನಮಗೇ ತಾಗಿತು. ನಾವು ಪತ್ರಿಕೋದ್ಯಮ ಓದಿದವರು. ಫಲಿತಾಂಶ ಬಂದ ಮಾರನೇ ದಿನ ಆ ಪುಟಗಳು ಹೇಗೆ ಬರುತ್ತವೆ ಅಂತ ನಮಗೆ ಗೊತ್ತು. ಸುದ್ದಿಯ ಹಾಗೆ ಕಾಣುವ ಆ ಪುಟ ಸುದ್ದಿಯಲ್ಲ, ಜಾಗ ಕೊಂಡು ಹಾಕಿದ್ದು. ಫೋಟೊದಲ್ಲಿರುವ ಹುಡುಗ ಅಲ್ಲಿ ಎರಡು ವರ್ಷ ಓದಿದನೋ, ಕೊನೆಯಲ್ಲಿ ಬಿಟ್ಟಿ ಮಾದರಿ ಪರೀಕ್ಷೆ ಬರೆದನೋ ಯಾರಿಗೆ ಗೊತ್ತು? ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2024ರ ನವೆಂಬರ್‌ನಲ್ಲಿ ಕೋಚಿಂಗ್ ಜಾಹೀರಾತಿಗೆ ಮಾರ್ಗಸೂಚಿ ತಂದಿದೆ. ಅದರ ಪ್ರಕಾರ ರ‍್ಯಾಂಕ್ ಬಂದವರ ಫೋಟೊ ಹಾಕಲು ಅವರ ಒಪ್ಪಿಗೆ ಬೇಕು, ಅವರು ಯಾವ ಕೋರ್ಸ್ ತಗೊಂಡಿದ್ದರು, ಎಷ್ಟು ಕಾಲದ್ದು, ದುಡ್ಡು ಕೊಟ್ಟಿದ್ದರೇ ಅನ್ನುವುದನ್ನೂ ಹೇಳಬೇಕು. ಸೀಟು ಗ್ಯಾರಂಟಿ ಅನ್ನುವ ಹಾಗಿಲ್ಲ. ಮಾರುವವರು ಫೋನು ಮಾಡಿದಾಗ ಇದನ್ನೇ ಕೇಳಿ: ಆ ಹುಡುಗ ತಗೊಂಡದ್ದು ಯಾವ ಕೋರ್ಸು? ನನಗೆ ಮಾರುತ್ತಿರುವುದು ಅದೇನಾ? ನಡುವೆ ಬಿಟ್ಟರೆ ಎಷ್ಟು ವಾಪಸ್, ಬರೆದು ಕೊಡುತ್ತೀರಾ? ಬರೆದು ಕೊಡಲು ಹಿಂದೆಮುಂದೆ ನೋಡಿದರೆ ಫೋನು ಇಡಿ. ಮೋಸ ಆಗಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915.

"ಸಿಟಿ ಮಕ್ಕಳ ಹತ್ರ ಎಲ್ಲಾ ಇರುತ್ತಲ್ಲ, ನಮ್ಮವರು ಹಿಂದೆ ಬೀಳಲ್ವಾ" ಅಂತ ಹಲವರು ಕೇಳುತ್ತಾರೆ. ಅವರ ಹತ್ತಿರ ಇರುವುದು ನಿಜ. ಆದರೆ ಅವರಿಗೂ ದಿನಕ್ಕೆ ಇಪ್ಪತ್ನಾಲ್ಕೇ ಗಂಟೆ. ಅವರಿಗೆ ನಿಜವಾಗಿ ಇರುವ ಅನುಕೂಲ ಬೇರೆ: ಯಾವುದನ್ನು ಬಿಡಬೇಕು ಅಂತ ಹೇಳುವ ಅಕ್ಕನೋ ಮಾವನೋ ಮನೆಯಲ್ಲಿ ಇರುತ್ತಾರೆ. ನಮ್ಮ ಮಕ್ಕಳಿಗೆ ಅದನ್ನು ಹೇಳುವವರಿಲ್ಲ. ಕೊಳ್ಳಿ ಅನ್ನುವವರು ಮಾತ್ರ ಇದ್ದಾರೆ.

ಆ ಭಾನುವಾರ ಸಂಜೆ ಅವಳ ಮೇಜಿನ ಮೇಲೆ ಉಳಿದದ್ದು ಹೊಸ ಮುದ್ರಣದ ಪಠ್ಯಪುಸ್ತಕಗಳು, ಪಠ್ಯಕ್ರಮದ ಮುದ್ರಿತ ಪ್ರತಿ, ವಿವರಣೆ ಚೆನ್ನಾಗಿದ್ದ ಭೌತಶಾಸ್ತ್ರದ ಒಂದು ಪುಸ್ತಕ, ಹಿಂದಿನ ವರ್ಷಗಳ ನೀಟ್ ಪತ್ರಿಕೆಗಳು. ಜೊತೆಗೆ ಒಂದು ನೋಟ್‌ಬುಕ್. ಅದರಲ್ಲಿ ತಪ್ಪಿದ ಪ್ರತಿ ಪ್ರಶ್ನೆಯ ಮುಂದೆ ಒಂದೇ ಸಾಲು ಬರೆಯಬೇಕು: ಗೊತ್ತಿರಲಿಲ್ಲ, ಅಥವಾ ಗೊತ್ತಿತ್ತು ಆದರೆ ಪ್ರಶ್ನೆ ತಪ್ಪಾಗಿ ಓದಿದೆ, ಅಥವಾ ಲೆಕ್ಕದಲ್ಲಿ ಎಡವಿದೆ. ಮೊದಲ ವಾರ ಬಿಡಿಸಿದ 150 ಪ್ರಶ್ನೆಯಲ್ಲಿ 58 ತಪ್ಪಾದವು. ಅದರಲ್ಲಿ 23ರ ಮುಂದೆ 'ತಪ್ಪಾಗಿ ಓದಿದೆ' ಅಂತ ಇತ್ತು. 'ಸರಿಯಲ್ಲದ್ದನ್ನು ಗುರುತಿಸಿ' ಅನ್ನುವ ಕಡೆ ಸರಿಯಾದದ್ದನ್ನು ಗುರುತಿಸಿದ್ದಳು. ಇದನ್ನು ತಿದ್ದುವ ಆ್ಯಪ್ ಎಲ್ಲೂ ಸಿಗುವುದಿಲ್ಲ. ಅವಳು 'ಅಲ್ಲ' ಅನ್ನುವ ಪದದ ಕೆಳಗೆ ಪೆನ್ಸಿಲ್‌ನಲ್ಲಿ ಗೆರೆ ಎಳೆಯಲು ಶುರುಮಾಡಿದಳು.

ಎರಡೂ ಆ್ಯಪ್ ಅವತ್ತೇ ಫೋನಿನಿಂದ ಅಳಿಸಿದಳು. ಕಂತು ಮಾತ್ರ ಅಪ್ಪನ ಖಾತೆಯಿಂದ ಪ್ರತಿ ತಿಂಗಳು ಐದನೇ ತಾರೀಖು ಈಗಲೂ ಕಟ್ ಆಗುತ್ತಿದೆ.